ಮನೆಯ ನಾಮಫಲಕ (ದಕ್ಷಿಣ ಕನ್ನಡ)

ಮನೆಯ ಹೆಸರು, ಅಲ್ಲಿ ವಾಸಿಸುವ ಕುಟುಂಬದ ಹೆಸರು ಮತ್ತು ಸ್ಥಳೀಯ ಸಂಸ್ಥೆ ನೀಡಿದ ಮನೆ ಸಂಖ್ಯೆಯನ್ನು ತೋರಿಸಲು ಗೇಟಿನ ಕಂಬದಲ್ಲಿ ಅಥವಾ ಮುಂಬಾಗಿಲ ಪಕ್ಕದ ಗೋಡೆಯಲ್ಲಿ ಅಳವಡಿಸುವ ಫಲಕವನ್ನು ಮನೆಯ ನಾಮಫಲಕ ಎನ್ನುತ್ತಾರೆ. ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳಲ್ಲಿ ಇಂತಹ ಫಲಕಗಳನ್ನು ಕಪ್ಪು ಗ್ರಾನೈಟ್, ಹಿತ್ತಾಳೆ, ಸ್ಟೀಲ್ ಹಾಗೂ ಮರದಲ್ಲಿ ಕೊರೆಸುವುದುಂಟು. ಕೊರೆಯುವ ಉಪಕರಣವಾಗಲಿ ಆಮ್ಲವಾಗಲಿ ಒಂದು ಮಿತಿಗಿಂತ ಸಣ್ಣ ಗೆರೆಯನ್ನೂ, ಒಂದು ಮಿತಿಗಿಂತ ಕಿರಿದಾದ ಎಡೆಯನ್ನೂ ಉಳಿಸಲಾರದು. ಕನ್ನಡದ ಒತ್ತಕ್ಷರಗಳು ಮೊದಲು ಮುಟ್ಟುವುದು ಈ ಮಿತಿಯನ್ನೇ. ಆದ್ದರಿಂದ ಫಲಕದ ಅಳತೆಯನ್ನು ಮೊದಲು ನಿಶ್ಚಯಿಸಿ ಅದರೊಳಗೆ ಹೆಸರನ್ನು ಹಿಡಿಸುವುದಕ್ಕಿಂತ, ಹೆಸರಿನಲ್ಲಿರುವ ಅತಿ ಕಿರಿದಾದ ಎಡೆಯಿಂದ ಆರಂಭಿಸಿ ಫಲಕದ ಅಳತೆಗೆ ಬರುವುದು ಸರಿಯಾದ ಕ್ರಮ.

## ಫಲಕದಲ್ಲಿ ಬರೆಯುವ ವಿಷಯ

ಈ ಮೂರು ತಾಲೂಕುಗಳ ಗ್ರಾಮಗಳಲ್ಲಿ ಮನೆಗಳು ಬೀದಿಯ ಸಾಲಿನಲ್ಲಿರದೆ ಅಡಿಕೆ ತೋಟ, ಗದ್ದೆ ಮತ್ತು ಗುಡ್ಡಗಳ ನಡುವೆ ಚದುರಿಕೊಂಡಿವೆ. ಬೀದಿಯ ಹೆಸರಿಲ್ಲದ ಕಡೆ ಆ ಕೆಲಸವನ್ನು ಮನೆಯ ಹೆಸರೇ ಮಾಡುತ್ತದೆ. ಅಂಚೆಯ ವಿಳಾಸದಲ್ಲಿಯೂ ವ್ಯಕ್ತಿಯ ಹೆಸರಿನ ಬಳಿಕ ಮನೆಯ ಹೆಸರು, ಅನಂತರ ಗ್ರಾಮ, ಅಂಚೆ ಮತ್ತು ತಾಲೂಕು ಬರುವುದು ವಾಡಿಕೆ. ಗುತ್ತು, ಬೀಡು, ಬರ್ಕೆ ಮುಂತಾದವು ಹಳೆಯ ಮನೆತನಗಳ ಸ್ಥಾನವನ್ನು ಸೂಚಿಸುವ ಪದಗಳು. ಬೆಟ್ಟು, ಮಜಲು, ಪಲ್ಕೆ, ಪದವು, ಕೋಡಿ ಮುಂತಾದವು ನೆಲದ ಸ್ವರೂಪದಿಂದ ಬಂದವು. ಕುಟುಂಬದ ಹೆಸರಾಗಿ ಶೆಟ್ಟಿ, ಹೆಗ್ಡೆ, ಪೂಜಾರಿ, ಭಂಡಾರಿ, ಕೋಟ್ಯಾನ್, ಭಟ್, ಡಿಸೋಜ ಮೊದಲಾದವು ಕಾಣಸಿಗುತ್ತವೆ. ಹೀಗಾಗಿ ದೂರದಿಂದ ಓದಬೇಕಾದ ದೊಡ್ಡ ಸಾಲು ಮನೆಯ ಹೆಸರಿನದು, ಗೇಟಿನ ಬಳಿ ಬಂದವರು ಓದುವ ಸಾಲು ಕುಟುಂಬದ ಹೆಸರಿನದು.

ಮನೆ ಸಂಖ್ಯೆಯನ್ನು ಗ್ರಾಮಗಳಲ್ಲಿ ಗ್ರಾಮ ಪಂಚಾಯತ್, ಪಟ್ಟಣಗಳಲ್ಲಿ ಬಂಟ್ವಾಳ ಮತ್ತು ಮೂಡುಬಿದಿರೆಯ ಪುರಸಭೆಗಳು ಹಾಗೂ ಬೆಳ್ತಂಗಡಿಯ ಪಟ್ಟಣ ಪಂಚಾಯತ್ ನೀಡುತ್ತವೆ. ಜಿಲ್ಲೆಯಲ್ಲಿ ಬಳಕೆಯಲ್ಲಿರುವ ಸಾಮಾನ್ಯ ರೂಪ 2-145/3 ಎಂಬಂತಹದು. ಅಡ್ಡಗೆರೆಯ ಹಿಂದಿನದು ವಾರ್ಡನ್ನೂ ಮುಂದಿನದು ಮನೆಯನ್ನೂ ಸೂಚಿಸುತ್ತದೆ. ಓರೆಗೆರೆಯ ಬಳಿಕ ಬರುವ ಅಂಕಿ ಸಾಮಾನ್ಯವಾಗಿ ಅದೇ ಸಂಖ್ಯೆಯ ಅಡಿಯಲ್ಲಿ ಅನಂತರ ಸೇರಿದ ಮನೆಯದು. ಇಷ್ಟು ಸಣ್ಣ ವಿಷಯದಲ್ಲಿಯೂ ಕೊರೆತದ ತೊಂದರೆಯೊಂದಿದೆ. ಓರೆಗೆರೆ ಸಾಕಷ್ಟು ಓರೆಯಾಗಿರದಿದ್ದರೆ ಅದು 1 ಆಗಿ ಕಾಣುತ್ತದೆ, ಆಗ 2-145/3 ಎಂಬುದನ್ನು ದಾರಿಹೋಕರು 2-14513 ಎಂದು ಓದುತ್ತಾರೆ. ಓರೆಗೆರೆಯನ್ನು ಅಂಕಿಗಳಿಗಿಂತ ಸ್ವಲ್ಪ ಎತ್ತರವಾಗಿ, ಸ್ಪಷ್ಟವಾಗಿ ಬಾಗಿಸಿ, ಎರಡೂ ಬದಿಗಳಲ್ಲಿ ಕನಿಷ್ಠ ಗೆರೆಯ ದಪ್ಪದಷ್ಟು ಎಡೆ ಬಿಟ್ಟು ಕೊರೆದರೆ ಈ ಗೊಂದಲ ಬಾರದು. ಕನ್ನಡ ಅಂಕಿಗಳನ್ನು ಬಳಸುವುದಾದರೆ ೩ ಮತ್ತು ೬ರ ಕೊನೆಯ ಕೊಂಕುಗಳನ್ನು ಮುಚ್ಚಿಹೋಗದಂತೆ ನೋಡಿಕೊಳ್ಳಬೇಕು. ಯಾವ ಅಂಕಿಗಳನ್ನೇ ಆರಿಸಿಕೊಂಡರೂ ಅಡ್ಡಗೆರೆ, ಓರೆಗೆರೆ ಮತ್ತು ಆವರಣ ಚಿಹ್ನೆಗಳು ತೆರಿಗೆ ರಸೀದಿಯಲ್ಲಿ ಇರುವಂತೆಯೇ ಇರಬೇಕು.

## ಅಕ್ಷರಗಳ ಸೂಕ್ಷ್ಮ ಭಾಗಗಳು

ಮೂರು ಪಟ್ಟಣಗಳ ಹೆಸರುಗಳೇ ಸಮಸ್ಯೆಯ ಒಳ್ಳೆಯ ಮಾದರಿಗಳು. ‘ಮೂಡುಬಿದಿರೆ’ ಎಂಬಲ್ಲಿ ಒತ್ತಕ್ಷರವಿಲ್ಲ, ಆದ್ದರಿಂದ ಅದನ್ನು ಸಾಕಷ್ಟು ಚಿಕ್ಕದಾಗಿಯೂ ಕೊರೆಯಬಹುದು. ‘ಬಂಟ್ವಾಳ’ದಲ್ಲಿ ಟಕಾರದ ಕೆಳಗೆ ವಕಾರದ ಒತ್ತು, ‘ಬೆಳ್ತಂಗಡಿ’ಯಲ್ಲಿ ಳಕಾರದ ಕೆಳಗೆ ತಕಾರದ ಒತ್ತು ಇದೆ. ಒತ್ತು ಮೂಲಾಕ್ಷರಕ್ಕಿಂತ ಚಿಕ್ಕದಾಗಿರುವುದರಿಂದ ಅದರ ಗೆರೆಯೂ ಸಣ್ಣದು, ಅದರೊಳಗಿನ ಸುರುಳಿಯ ಎಡೆ ಇನ್ನೂ ಸಣ್ಣದು. ಮೇಲಿನ ಅಕ್ಷರದ ಹೊಟ್ಟೆಗೂ ಒತ್ತಿನ ತಲೆಗೂ ನಡುವೆ ಇರುವ ಎಡೆ ಕೂಡ ಇಕ್ಕಟ್ಟಾದದ್ದೇ. ಅಕ್ಷರದ ಎತ್ತರವನ್ನು ಕಡಿಮೆ ಮಾಡುತ್ತ ಹೋದಂತೆ ಮೊದಲು ಮುಚ್ಚಿಹೋಗುವುದು ಈ ಎರಡು ಎಡೆಗಳು.

ಒತ್ತಕ್ಷರ ಮುಚ್ಚಿಹೋದರೆ ಹೆಸರು ಅಂದಗೆಡುತ್ತದೆ, ಆದರೂ ಬಲ್ಲವರು ಊಹಿಸಿ ಓದಿಯಾರು. ಅಕ್ಷರವೇ ಬದಲಾಗುವ ಕಡೆಗಳು ಬೇರೆ ಇವೆ. ಶಾಲೆಯಲ್ಲಿ ಹೊಟ್ಟೆ ಸೀಳುವುದು ಎಂದು ಕಲಿಸುವ ಮಹಾಪ್ರಾಣದ ಗುರುತು ಅತಿ ಪುಟ್ಟ ಗೀಟು. ಬ ಮತ್ತು ಭ, ದ ಮತ್ತು ಧ, ಡ ಮತ್ತು ಢ, ಪ ಮತ್ತು ಫ ಇವುಗಳ ನಡುವಿನ ವ್ಯತ್ಯಾಸ ಅದೊಂದೇ. ಅದು ಉಳಿಯದಿದ್ದರೆ ‘ಭಂಡಾರಿ’ ‘ಬಂಡಾರಿ’ಯಾಗುತ್ತಾರೆ, ‘ಭಟ್’ ‘ಬಟ್’ ಆಗುತ್ತಾರೆ. ಠಕಾರದ ನಡುವಿನ ಚುಕ್ಕೆ ಹೋದರೆ ಅದು ರಕಾರ, ಅಂದರೆ ‘ಮಠ’ ‘ಮರ’ವಾಗುತ್ತದೆ. ಷಕಾರದ ಒಳಗೀಟು ಅಳಿದರೆ ಅದು ಪಕಾರ. ಕುಟುಂಬದ ಹೆಸರಿನಲ್ಲಿ ಈ ಅಕ್ಷರಗಳಲ್ಲಿ ಯಾವುದಾದರೂ ಇದ್ದರೆ ಒತ್ತಿನ ಜೊತೆಗೆ ಇವುಗಳನ್ನೂ ಅಳೆಯಬೇಕು.

ಕೊರೆದು ಬರೆಯುವುದು ಕನ್ನಡ ಲಿಪಿಗೆ ಹೊಸತೇನೂ ಅಲ್ಲ. ತಾಳೆಗರಿಯ ಮೇಲೆ ಕಂಟದಿಂದ ಅಕ್ಷರವನ್ನು ಕೊರೆದು, ಬಳಿಕ ಮಸಿ ಸವರಿ ಒರೆಸಿದರೆ ಕೊರೆತದಲ್ಲಿ ಮಾತ್ರ ಮಸಿ ನಿಲ್ಲುತ್ತದೆ. ಇಂದು ಕಲ್ಲಿನ ಫಲಕದಲ್ಲಿ ಬಣ್ಣ ತುಂಬುವುದೂ ಇದೇ ತತ್ತ್ವದಿಂದ. ವ್ಯತ್ಯಾಸವೆಂದರೆ ಕಂಟದ ಗೆರೆ ಆರಂಭದಿಂದ ಕೊನೆಯವರೆಗೆ ಒಂದೇ ದಪ್ಪದ್ದು, ಇಂದಿನ ಮುದ್ರಣ ಅಕ್ಷರಗಳು ದಪ್ಪ ತೆಳುವುಗಳಿಂದ ಕೂಡಿದವು. ಪತ್ರಿಕೆಯ ಶೀರ್ಷಿಕೆಗೆಂದು ರೂಪಿಸಿದ ದಪ್ಪಕ್ಷರ ಕಾಗದದ ಮೇಲೆ ಎಷ್ಟೇ ಚೆನ್ನಾಗಿ ಕಂಡರೂ ಕಲ್ಲಿಗೆ ಹೊಂದುವುದಿಲ್ಲ, ಏಕೆಂದರೆ ಗೆರೆ ದಪ್ಪವಾದಷ್ಟೂ ಒಳಗಿನ ಎಡೆ ಕಿರಿದಾಗುತ್ತದೆ. ಕೊರೆತಕ್ಕೆ ಸಮದಪ್ಪದ, ಮಧ್ಯಮ ತೂಕದ ಅಕ್ಷರಮಾದರಿಯೇ ಮೇಲು.

## ಕೊರೆಯುವ ವಿಧಾನಗಳು ಮತ್ತು ಅವುಗಳ ಮಿತಿ

ಗ್ರಾನೈಟ್ ಫಲಕಗಳನ್ನು ಕೊರೆಯುವ ಒಂದು ಪ್ರಮುಖ ವಿಧಾನ ಮರಳು ಸಿಡಿತ. ಕಲ್ಲಿನ ಮೇಲೆ ಅಂಟುಳ್ಳ ರಬ್ಬರ್ ಹಾಳೆಯನ್ನು ಅಂಟಿಸಿ, ಅಕ್ಷರದ ಭಾಗವನ್ನು ಮಾತ್ರ ಕತ್ತರಿಸಿ ತೆಗೆದು, ಒತ್ತಡದ ಗಾಳಿಯೊಂದಿಗೆ ಸವೆಸುವ ಹರಳುಗಳನ್ನು ಸಿಡಿಸುತ್ತಾರೆ. ತೆರೆದ ಭಾಗ ಸವೆದು ಕುಳಿಯಾಗುತ್ತದೆ. ಒತ್ತಿನ ಸುರುಳಿಯೊಳಗೆ ಅಥವಾ ಎರಡು ಗೆರೆಗಳ ನಡುವೆ ಉಳಿಯುವ ರಬ್ಬರಿನ ಪಟ್ಟಿ ತೀರ ಕಿರಿದಾದರೆ ಅದು ಸಿಡಿತದ ಹೊಡೆತಕ್ಕೆ ಎದ್ದುಹೋಗುತ್ತದೆ. ಎದ್ದುಹೋಗದಿದ್ದರೂ ಅದರಡಿಯ ಕಲ್ಲಿನ ತೆಳುಗೋಡೆ ಹರಳು ಹರಳಾಗಿ ಕಿತ್ತುಬರಬಹುದು. ಹಾಳೆ, ಕಲ್ಲು ಮತ್ತು ಕೆಲಸಗಾರರ ಕೈಯನ್ನು ಅನುಸರಿಸಿ ಈ ಮಿತಿ ಬದಲಾಗುತ್ತದೆ. ಕೆಳಗಿನ ಲೆಕ್ಕದಲ್ಲಿ 2 ಮಿ.ಮೀ. ಎಂದು ಇಟ್ಟುಕೊಳ್ಳಲಾಗಿದೆ. ಕಾರ್ಯಾಗಾರದವರನ್ನು ಕೇಳಿ ಅವರು ಹೇಳುವ ಅಂಕಿಯನ್ನು ಅದರ ಸ್ಥಾನದಲ್ಲಿ ಇಡಬೇಕು.

ಮರದ ಫಲಕಗಳನ್ನು ಗಣಕಚಾಲಿತ ಯಂತ್ರದಲ್ಲಿ ತಿರುಗುವ ಬಿಟ್‌ನಿಂದ ಕೊರೆಯುತ್ತಾರೆ. ನೇರ ಬಿಟ್‌ನ ವ್ಯಾಸ 3 ಮಿ.ಮೀ. ಇದ್ದರೆ ಅದಕ್ಕಿಂತ ಸಣ್ಣ ಗೆರೆ ಸಾಧ್ಯವಿಲ್ಲ, ಒಳಮೂಲೆಗಳೂ ಗುಂಡಾಗಿಯೇ ಬರುತ್ತವೆ. ಚೂಪು ತುದಿಯ ಬಿಟ್ ಬಳಸಿದರೆ ಸಣ್ಣ ಗೆರೆಗಳು ಸಿಗುತ್ತವೆ, ಆದರೆ ಅಲ್ಲಿ ಅಗಲ ಮತ್ತು ಆಳ ಒಂದಕ್ಕೊಂದು ಕಟ್ಟುಬಿದ್ದಿರುತ್ತವೆ. 60 ಡಿಗ್ರಿ ಕೋನದ ಬಿಟ್ 4 ಮಿ.ಮೀ. ಅಗಲದ ಗೆರೆಗೆ ಸುಮಾರು 3.5 ಮಿ.ಮೀ. ಆಳಕ್ಕೆ ಇಳಿದರೆ, 1 ಮಿ.ಮೀ. ಗೆರೆಗೆ 0.9 ಮಿ.ಮೀ. ಮಾತ್ರ ಇಳಿಯುತ್ತದೆ. ಹೀಗಾಗಿ ಒತ್ತು ಮೂಲಾಕ್ಷರಕ್ಕಿಂತ ಸಣ್ಣದಷ್ಟೇ ಅಲ್ಲ, ಆಳವೂ ಕಡಿಮೆಯಾಗಿರುತ್ತದೆ. ಕೆಲವು ಮಳೆಗಾಲಗಳ ಬಳಿಕ ಮೇಲ್ಮೈಯನ್ನು ಉಜ್ಜಿ ಪಾಲಿಶ್ ಮಾಡಿದಾಗ ಮೊದಲು ಮಾಯವಾಗುವುದು ಅದೇ.

ಹಿತ್ತಾಳೆಯನ್ನು ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಕೊರೆಯುವಾಗ ಮಿತಿಯ ಸ್ವರೂಪವೇ ಬೇರೆ. ದ್ರಾವಣವು ಲೋಹವನ್ನು ಕೆಳಕ್ಕೆ ತಿನ್ನುವಂತೆಯೇ ರಕ್ಷಾಲೇಪದ ಅಡಿಯಲ್ಲಿ ಪಕ್ಕಕ್ಕೂ ತಿನ್ನುತ್ತದೆ. ಪಕ್ಕದ ಸವೆತ ಸಾಮಾನ್ಯವಾಗಿ ಆಳದ ಅರ್ಧದಿಂದ ಆಳದಷ್ಟರವರೆಗೆ ಇರುತ್ತದೆ. ಅಕ್ಷರ ಕುಳಿಯಾಗಿದ್ದರೆ ಗೆರೆ ದಪ್ಪವಾಗಿ ಎಡೆ ಕಿರಿದಾಗುತ್ತದೆ. ಅಕ್ಷರವನ್ನು ಉಬ್ಬಾಗಿ ಉಳಿಸಿ ಹಿನ್ನೆಲೆಯನ್ನು ತಿನ್ನಿಸಿದರೆ ಗೆರೆಯೇ ತೆಳುವಾಗುತ್ತದೆ, ಮಹಾಪ್ರಾಣದ ಗೀಟು ಕಳಚಿಹೋಗುವುದು ಇಂತಹ ಸಂದರ್ಭದಲ್ಲಿ. ಈ ಬದಲಾವಣೆ ಮೊದಲೇ ತಿಳಿದಿರುವುದರಿಂದ ನಕ್ಷೆಯಲ್ಲಿಯೇ ಅದಕ್ಕೆ ಪರಿಹಾರ ಕೊಡಬಹುದು ಎಂಬುದು ಈ ವಿಧಾನದ ಅನುಕೂಲ. ಬಳಸಿದ ದ್ರಾವಣದಲ್ಲಿ ತಾಮ್ರ ಕರಗಿರುತ್ತದೆ. ಮನೆಯಲ್ಲಿ ಪ್ರಯೋಗ ಮಾಡುವವರು ಅದನ್ನು ಅಂಗಳಕ್ಕೆ ಚೆಲ್ಲಬಾರದು, ಮುರಕಲ್ಲಿನ ನೆಲದಲ್ಲಿ ನೀರು ಬೇಗನೆ ಇಂಗುತ್ತದೆ, ಬಾವಿ ಹತ್ತಿರದಲ್ಲಿಯೇ ಇರುತ್ತದೆ.

ಮುರಕಲ್ಲಿನ ಮೇಲೆಯೇ ಹೆಸರು ಕೊರೆಸಬಯಸುವವರೂ ಇದ್ದಾರೆ. ಆ ಕಲ್ಲಿನ ರಂಧ್ರಗಳೇ ಹಲವು ಮಿಲಿಮೀಟರ್ ಅಗಲದವು. ಒತ್ತಿನ ಗೆರೆಯೂ ಕಲ್ಲಿನ ರಂಧ್ರವೂ ಒಂದೇ ಅಳತೆಯವಾದಾಗ ಯಾವುದು ಅಕ್ಷರ ಎಂದು ತಿಳಿಯುವುದಿಲ್ಲ. ಮುರಕಲ್ಲಿನ ಕಂಬಕ್ಕೆ ಪ್ರತ್ಯೇಕ ಫಲಕವನ್ನು ಕೂರಿಸುವುದೇ ಸರಿ.

## ಒಂದು ಉದಾಹರಣೆ

ಲೆಕ್ಕವನ್ನು ತೋರಿಸಲು ಒಂದು ಕಲ್ಪಿತ ಮನೆಯನ್ನು ತೆಗೆದುಕೊಳ್ಳಬಹುದು. ಮನೆಯ ಹೆಸರು ‘ಮೂಡುಗುತ್ತು’, ಕುಟುಂಬದ ಹೆಸರು ‘ಹೆಗ್ಡೆ’, ಸಂಖ್ಯೆ 2-145/3, ಫಲಕ ಕಪ್ಪು ಗ್ರಾನೈಟಿನದು. ರಸ್ತೆಯಿಂದ ಗೇಟಿನ ಕಂಬಕ್ಕೆ 10 ಮೀಟರ್ ದೂರವಿದೆ. ಓದುವ ದೂರದ ಪ್ರತಿ ಮೀಟರಿಗೆ 4 ಮಿ.ಮೀ. ಎಂಬ ಅಂದಾಜಿನಂತೆ ಮನೆಯ ಹೆಸರಿನ ಮೂಲಾಕ್ಷರ 40 ಮಿ.ಮೀ. ಎತ್ತರವಿರಬೇಕು. ಕುಟುಂಬದ ಹೆಸರನ್ನು 25 ಮಿ.ಮೀ. ಎತ್ತರದಲ್ಲಿ ಬರೆಯೋಣ ಎಂಬುದು ಮನೆಯವರ ಮೊದಲ ಅಪೇಕ್ಷೆ.

ಆರಿಸಿದ ಅಕ್ಷರಮಾದರಿಯಲ್ಲಿ ಎರಡೂ ಹೆಸರುಗಳನ್ನು ಮೂಲಾಕ್ಷರ 100 ಮಿ.ಮೀ. ಎತ್ತರ ಬರುವಂತೆ ಕಾಗದದ ಮೇಲೆ ಮುದ್ರಿಸಿ ಅಳೆಯಬೇಕು. ಆಗ ಸಿಗುವ ಪ್ರತಿ ಅಳತೆಯೂ ಅಕ್ಷರದ ಎತ್ತರದ ಶೇಕಡಾವಾರು ಆಗಿರುವುದರಿಂದ ಮುಂದಿನ ಲೆಕ್ಕ ಸುಲಭ. ಒಂದು ದಪ್ಪಕ್ಷರದಲ್ಲಿ ಮುಖ್ಯ ಗೆರೆ 14, ಒತ್ತಿನ ಗೆರೆ 9, ಅಕ್ಷರಕ್ಕೂ ಒತ್ತಿಗೂ ನಡುವಿನ ಎಡೆ 6, ಒತ್ತಿನ ಒಳಗಿನ ಎಡೆ 5 ಮಿ.ಮೀ. ಬಂದವು ಎಂದಿಟ್ಟುಕೊಳ್ಳೋಣ. ಇವುಗಳಲ್ಲಿ ಅತಿ ಕಿರಿದಾದದ್ದು 5. ಗ್ರಾನೈಟಿನ ಮಿತಿ 2 ಮಿ.ಮೀ. ಆದ್ದರಿಂದ ಅಕ್ಷರದ ಕನಿಷ್ಠ ಎತ್ತರ 2ನ್ನು 5ರಿಂದ ಭಾಗಿಸಿ 100ರಿಂದ ಗುಣಿಸಿದಷ್ಟು, ಅಂದರೆ 40 ಮಿ.ಮೀ. ‘ಮೂಡುಗುತ್ತು’ ಸರಿಯಾಗಿ ಗಡಿಯ ಮೇಲೆ ನಿಂತಿದೆ. 25 ಮಿ.ಮೀ. ಎತ್ತರದ ‘ಹೆಗ್ಡೆ’ಯಲ್ಲಿ ಆ ಎಡೆ 1.25 ಮಿ.ಮೀ. ಮಾತ್ರ ಆಗುವುದರಿಂದ ಡಕಾರದ ಒತ್ತು ಒಂದು ಗುಳಿಯಾಗಿ ಪರಿಣಮಿಸುತ್ತದೆ.

ಈ ಹಂತದಲ್ಲಿ ‘ಹೆಗಡೆ’ ಎಂದು ಬರೆದರೆ ಒತ್ತೇ ಬೇಡವಲ್ಲ ಎಂಬ ಸಲಹೆ ಬರುವುದುಂಟು. ಅದು ವಿನ್ಯಾಸಕಾರ ತೀರ್ಮಾನಿಸುವ ವಿಷಯವಲ್ಲ. ಹೆಗ್ಡೆ, ಹೆಗಡೆ, ಹೆಗ್ಗಡೆ ಇವು ಬೇರೆ ಬೇರೆ ಕುಟುಂಬಗಳು ಬೇರೆ ಬೇರೆಯಾಗಿ ಬರೆದುಕೊಂಡು ಬಂದ ರೂಪಗಳು, ಕಲ್ಲಿನ ಅನುಕೂಲಕ್ಕಾಗಿ ಬದಲಿಸತಕ್ಕವಲ್ಲ. ಬದಲಿಸಬಹುದಾದದ್ದು ಅಕ್ಷರದ ತೂಕ. ಅದೇ ಮಾದರಿಯ ಮಧ್ಯಮ ತೂಕದಲ್ಲಿ ಮುಖ್ಯ ಗೆರೆ 10, ಒತ್ತಿನ ಗೆರೆ 7, ಅಕ್ಷರಕ್ಕೂ ಒತ್ತಿಗೂ ನಡುವಿನ ಎಡೆ 8, ಒತ್ತಿನ ಒಳ ಎಡೆ 7 ಬಂದರೆ ಕನಿಷ್ಠ ಎತ್ತರ ಸುಮಾರು 29 ಮಿ.ಮೀ.ಗೆ ಇಳಿಯುತ್ತದೆ. ಕುಟುಂಬದ ಹೆಸರನ್ನು 30 ಮಿ.ಮೀ. ಎಂದು ನಿಶ್ಚಯಿಸಿ ಎರಡು ಸಾಲುಗಳಿಗೂ ಈ ತೂಕವನ್ನೇ ಬಳಸಿದರೆ ಒತ್ತಿನ ಗೆರೆ ಮತ್ತು ಒಳ ಎಡೆ ಎರಡೂ 2.1 ಮಿ.ಮೀ. ಆಗುತ್ತವೆ.

ಇನ್ನು ಫಲಕದ ಅಳತೆ. 100 ಮಿ.ಮೀ. ಮುದ್ರಣದಲ್ಲಿ ‘ಮೂಡುಗುತ್ತು’ 600 ಮಿ.ಮೀ. ಉದ್ದವಿದ್ದರೆ 40 ಮಿ.ಮೀ. ಎತ್ತರದಲ್ಲಿ ಅದು 240 ಮಿ.ಮೀ. ಎರಡು ಬದಿಗಳಲ್ಲಿ 40 ಮಿ.ಮೀ.ಯಂತೆ ಬಿಟ್ಟರೆ ಫಲಕದ ಉದ್ದ 320 ಮಿ.ಮೀ. ಎತ್ತರದ ಲೆಕ್ಕದಲ್ಲಿ ತಪ್ಪು ಹೆಚ್ಚು, ಏಕೆಂದರೆ ರೋಮನ್ ಅಕ್ಷರಗಳಿಗೆ ರೂಢಿಯಾದ ಸಾಲಿನ ಅಂತರವನ್ನೇ ಕನ್ನಡಕ್ಕೂ ಕೊಟ್ಟುಬಿಡುತ್ತಾರೆ. ಮೊದಲ ಸಾಲಿನ ಒತ್ತು ಕೆಳಕ್ಕೆ 18 ಮಿ.ಮೀ. ಇಳಿಯುತ್ತದೆ, ಎರಡನೆಯ ಸಾಲಿನ ಎತ್ವ ಮೇಲಕ್ಕೆ 9 ಮಿ.ಮೀ. ಏರುತ್ತದೆ. ನಡುವೆ 8 ಮಿ.ಮೀ. ತೆರಪು, ಕೆಳಗೆ ಅಕ್ಷರದ ಎತ್ತರ 30 ಸೇರಿದರೆ ಒಂದು ಸಾಲಿನ ಅಡಿಯಿಂದ ಇನ್ನೊಂದರ ಅಡಿಗೆ 65 ಮಿ.ಮೀ. ಬೇಕು. ಮೇಲಿನ ಅಂಚು 40, ಮೊದಲ ಸಾಲು 40, ಸಾಲಿನ ಅಂತರ 65, ಎರಡನೆಯ ಸಾಲಿನ ಒತ್ತಿಗೆ ಸುಮಾರು 14, ಕೆಳಗಿನ ಅಂಚು 40 ಕೂಡಿದರೆ 199 ಮಿ.ಮೀ. ಅಂದರೆ ಫಲಕ 320 × 200 ಮಿ.ಮೀ. ಮನೆಯವರು 250 × 150 ಮಿ.ಮೀ. ಕಲ್ಲನ್ನು ಮೊದಲೇ ಕೊಂಡು ತಂದಿದ್ದರೆ ಈ ಹೆಸರು ಅದರಲ್ಲಿ ಹಿಡಿಯುತ್ತಿರಲಿಲ್ಲ.

ಆ ಚಿಕ್ಕ ಅಳತೆಯೇ ಬೇಕಾಗಿದ್ದರೆ ಹಿತ್ತಾಳೆಗೆ ಹೋಗಬೇಕು. ‘ಹೆಗ್ಡೆ’ಯನ್ನು ಮೊದಲು ಬಯಸಿದ ದಪ್ಪಕ್ಷರದಲ್ಲಿ 25 ಮಿ.ಮೀ. ಎತ್ತರದಲ್ಲಿಯೇ ಕುಳಿಯಾಗಿ ಕೊರೆಯುವುದಾದರೆ ಒತ್ತಿನ ಗೆರೆ 2.25, ಒಳ ಎಡೆ 1.25 ಮಿ.ಮೀ. ಪಕ್ಕದ ಸವೆತ ಪ್ರತಿ ಬದಿಗೆ 0.3 ಮಿ.ಮೀ. ಎಂದಾದರೆ ನಕ್ಷೆಯಲ್ಲಿ ಗೆರೆಯನ್ನು 1.65ಕ್ಕೆ ತೆಳುಗೊಳಿಸಿ ಎಡೆಯನ್ನು 1.85ಕ್ಕೆ ಅಗಲಿಸುತ್ತಾರೆ. ದ್ರಾವಣ ತಿಂದ ಬಳಿಕ ಎರಡೂ ಉದ್ದೇಶಿತ ಅಳತೆಗೆ ಬರುತ್ತವೆ.

## ನಕ್ಷೆಯ ಕಡತ

ಅಳತೆ ಸರಿಯಿದ್ದರೂ ಕಡತದಲ್ಲಿ ಅಕ್ಷರ ಕೆಡುವುದುಂಟು. ಕೊರೆತ ಯಂತ್ರಗಳ ಎಲ್ಲ ತಂತ್ರಾಂಶಗಳೂ ಕನ್ನಡದ ಒತ್ತಕ್ಷರವನ್ನು ಕೂಡಿಸಲಾರವು. ‘ತ್ತು’ ಎಂಬುದು ಅರ್ಧ ತಕಾರ ಮತ್ತು ತುಕಾರಗಳಾಗಿ ಒಡೆದು ಅಕ್ಕಪಕ್ಕ ನಿಲ್ಲುತ್ತದೆ. ಆದ್ದರಿಂದ ಕಡತವನ್ನು ಪಠ್ಯವಾಗಿ ಕೊಡದೆ ಬಾಹ್ಯರೇಖೆಗಳಾಗಿ ಪರಿವರ್ತಿಸಿ ಕೊಡಬೇಕು. ಇಂಕ್‌ಸ್ಕೇಪ್ ತಂತ್ರಾಂಶದಲ್ಲಿ ಇದಕ್ಕೆ `Path > Object to Path` ಎಂಬ ಆಜ್ಞೆಯಿದೆ. ಹಳೆಯ, ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಅಕ್ಷರವು ತುಂಡುಗಳ ಜೋಡಣೆಯಾಗಿರುತ್ತದೆ. ತುಂಡುಗಳು ಒಂದರ ಮೇಲೊಂದು ಬಿದ್ದ ಕಡೆ ಪರದೆಯ ಮೇಲೆ ಏನೂ ಕಾಣದು, ಆದರೆ ರಬ್ಬರ್ ಹಾಳೆಯನ್ನು ಕತ್ತರಿಸುವ ಅಲಗು ಎರಡು ರೇಖೆಗಳನ್ನೂ ಅನುಸರಿಸಿ ಅಕ್ಷರದ ನಡುವೆ ಗೀರು ಎಳೆಯುತ್ತದೆ. `Path > Union` ಆಜ್ಞೆಯಿಂದ ತುಂಡುಗಳನ್ನು ಒಂದಾಗಿಸಿ, ಬಣ್ಣ ತುಂಬದೆ ಬಾಹ್ಯರೇಖೆಗಳನ್ನು ಮಾತ್ರ ನೋಡಿದರೆ ಇಂತಹ ದೋಷ ಕಣ್ಣಿಗೆ ಬೀಳುತ್ತದೆ.

‘ದುರ್ಗಾ’ ಮೊದಲಾದ ಹೆಸರುಗಳಲ್ಲಿ ಬರುವ ಅರ್ಕಾವತ್ತಿನ ಸ್ಥಾನದಲ್ಲಿ ೯ ಎಂಬ ಅಂಕಿಯನ್ನು ಕೂರಿಸುವ ಅಭ್ಯಾಸವೂ ಇದೆ. ಅಂಕಿ ಎತ್ತರವಾಗಿರುವುದರಿಂದ ಅಳತೆ ಮತ್ತು ಎಡೆ ಎರಡೂ ತಪ್ಪುತ್ತವೆ. ತುಳು ಲಿಪಿಯಲ್ಲಿ ಮನೆಯ ಹೆಸರು ಬರೆಸುವವರಿಗೆ ಕಡತದ ತೊಂದರೆ ಇನ್ನಷ್ಟು. ತುಳು-ತಿಗಳಾರಿ ಲಿಪಿಗೆ ಯೂನಿಕೋಡ್‌ನಲ್ಲಿ ಸ್ಥಾನ ದೊರೆತದ್ದು 2024ರಲ್ಲಿ, 16.0ನೆಯ ಆವೃತ್ತಿಯಲ್ಲಿ. ಅದಕ್ಕೆ ಹಿಂದಿನ ಫಾಂಟುಗಳು ಬೇರೆ ಸಂಕೇತಗಳನ್ನು ಆಶ್ರಯಿಸಿದ್ದವು. ಬಾಹ್ಯರೇಖೆಯಾಗಿ ಪರಿವರ್ತಿಸುವ ಮುನ್ನ ಲಿಪಿ ಬಲ್ಲವರೊಬ್ಬರಿಂದ ಓದಿಸುವುದು ಅಗತ್ಯ, ಕೊರೆಯುವವರಿಗೆ ಆ ಲಿಪಿ ಬಾರದಿದ್ದರೆ ತಪ್ಪು ಕಲ್ಲಿನವರೆಗೂ ತಲುಪುತ್ತದೆ.

## ಪರೀಕ್ಷೆ ಮತ್ತು ಅಳವಡಿಕೆ

ಕೊರೆಯುವ ಮುನ್ನ ನಿಜ ಅಳತೆಯ ಮುದ್ರಣವನ್ನು ಕಂಬಕ್ಕೆ ಅಂಟಿಸಿ ರಸ್ತೆಯಿಂದ ನೋಡುವುದು ಅಗ್ಗದ ಪರೀಕ್ಷೆ. ಕೊರೆದ ಬಳಿಕ, ಬಣ್ಣ ತುಂಬುವ ಮೊದಲು, ಟಾರ್ಚಿನ ಬೆಳಕನ್ನು ಪಕ್ಕದಿಂದ ಓರೆಯಾಗಿ ಬಿಟ್ಟರೆ ಕುಳಿಗಳ ಅಂಚು ನೆರಳಾಗಿ ಕಾಣುತ್ತದೆ. ಒತ್ತಿನ ಒಳಭಾಗದಲ್ಲಿ ಸುತ್ತಲಿನ ಕಲ್ಲಿನ ಹೊಳಪು ಉಳಿದಿದ್ದರೆ ಗೋಡೆ ನಿಂತಿದೆ ಎಂದರ್ಥ. ಅಲ್ಲಿ ಮಬ್ಬು ಬಣ್ಣವಿದ್ದರೆ ರಬ್ಬರ್ ಎದ್ದುಹೋಗಿ ಮೇಲ್ಮೈ ಸವೆದಿದೆ. ಬಣ್ಣ ತುಂಬಿದ ಮೇಲೆ ಈ ದೋಷ ಮರೆಯಾಗುತ್ತದೆ, ಬಣ್ಣ ಕಳಚಿದ ಮೇಲೆ ಮತ್ತೆ ಕಾಣುತ್ತದೆ.

ಕರಾವಳಿ ಮತ್ತು ಪಶ್ಚಿಮ ಘಟ್ಟಗಳ ನಡುವಿನ ಈ ಪ್ರದೇಶದಲ್ಲಿ ಮಳೆ ತಿಂಗಳುಗಟ್ಟಲೆ ಸುರಿಯುತ್ತದೆ. ಕುಳಿಯಲ್ಲಿ ನೀರು ನಿಂತ ಕಡೆ ಪಾಚಿ ಬೆಳೆಯುತ್ತದೆ, ಒತ್ತುಗಳ ಸುರುಳಿಗಳ ತಳ ನೀರು ನಿಲ್ಲಲು ತಕ್ಕ ಜಾಗ. ಫಲಕದ ಮೇಲ್ತುದಿ ಸ್ವಲ್ಪ ಮುಂದೆ ಬಾಗುವಂತೆ ಕೂರಿಸಿದರೆ ನೀರು ಜಾರಿಹೋಗುತ್ತದೆ. ಕಂಬದ ಮೇಲೆ ಎರಡು ಅಂಗುಲ ಚಾಚಿದ ಕಲ್ಲಿನ ಟೋಪಿಯಿದ್ದರೆ ಇನ್ನೂ ಒಳ್ಳೆಯದು. ಪಾಚಿಯನ್ನು ಮೆದು ಬ್ರಷ್‌ನಿಂದ ತೆಗೆಯಬೇಕು, ತಂತಿಯ ಬ್ರಷ್ ತುಂಬಿದ ಬಣ್ಣವನ್ನೂ ಕಿತ್ತುಹಾಕುತ್ತದೆ.

ಮನೆ ಸಂಖ್ಯೆಯನ್ನು ಹೆಸರಿನ ಕಲ್ಲಿನಲ್ಲಿಯೇ ಕೊರೆಸದೆ, ಅದರ ಕೆಳಗೆ ಸ್ಕ್ರೂಗಳಿಂದ ಕೂರಿಸುವ ಸಣ್ಣ ಲೋಹದ ಪಟ್ಟಿಯಲ್ಲಿ ಬರೆಸುವುದು ಲೇಸು. ವಾರ್ಡುಗಳ ಪುನರ್ವಿಂಗಡಣೆಯಾದಾಗ, ಗ್ರಾಮ ಪಂಚಾಯತಿನ ಪ್ರದೇಶ ಪಟ್ಟಣಕ್ಕೆ ಸೇರಿದಾಗ ಅಥವಾ ಹಿತ್ತಲಲ್ಲಿ ಇನ್ನೊಂದು ಮನೆ ಎದ್ದಾಗ ಸಂಖ್ಯೆ ಬದಲಾಗಬಹುದು. ಗ್ರಾನೈಟಿನಲ್ಲಿ ಒಮ್ಮೆ ಕೊರೆದ ಅಂಕಿಯನ್ನು ಅಳಿಸಲು ಇಡೀ ಮೇಲ್ಮೈಯನ್ನು ಕುಳಿಯ ಆಳದವರೆಗೆ ತೇಯಬೇಕಾಗುತ್ತದೆ, ಆಗ ಹೆಸರೂ ಹೋಗುತ್ತದೆ. ಮೇಲಿನ ಉದಾಹರಣೆಯ ಮನೆಗೆ 30 ಮಿ.ಮೀ. ಎತ್ತರದ ಅಂಕಿಗಳಿರುವ 200 × 60 ಮಿ.ಮೀ. ಹಿತ್ತಾಳೆ ಪಟ್ಟಿ ಸಾಕು. ಅಂಕಿಗಳಿಗೆ ಒತ್ತಿಲ್ಲ.